ಕಣ್ಣೆದುರಿಗೆ ತಿರುಗಿದರೆ ಸಾಕೆ?



ಕಾಪುವಿನ ಒಂದು ಸಂಘದ ವಾರ್ಷಿಕೋತ್ಸವದಲ್ಲಿ ಬಹುಮಾನದ ಅಂಕೆಗಳನ್ನು ಯಂತ್ರದಿಂದ ಎತ್ತಿದರು. ಪಾರದರ್ಶಕ ಪೆಟ್ಟಿಗೆಯೊಳಗೆ ಸೊನ್ನೆಯಿಂದ ಒಂಬತ್ತರವರೆಗಿನ ಹತ್ತು ಟೇಬಲ್ ಟೆನಿಸ್ ಚೆಂಡುಗಳು; ಕೆಳಗಿನಿಂದ ಗಾಳಿ ಊದಿದಾಗ ಅವುಗಳಲ್ಲೊಂದು ಮೇಲಿನ ಕೊಳವೆಯನ್ನು ಸೇರುತ್ತದೆ. ಒಂದು ಚೆಂಡು ಹೊಸದಾಗಿ ಹೊಳೆಯುತ್ತಿತ್ತು. ಇನ್ನೊಂದರ ಮಾಸಿದ ಅಂಕೆಗೆ ಮತ್ತೆ ಬಣ್ಣ ಬಳಿದಿದ್ದರು. ಪ್ರಶ್ನಿಸಿದೆ. "ಮಾಷ್ಟ್ರೇ, ಎಲ್ಲರ ಕಣ್ಣೆದುರಿಗೇ ತಿರುಗುತ್ತದಲ್ಲ, ಮೋಸ ಎಲ್ಲಿಂದ?" ಎಂದರು.

ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ಕಣ್ಣಿಗೆ ತೂಕ ಕಾಣಿಸುವುದಿಲ್ಲ.

ಅವರ ಒಪ್ಪಿಗೆ ಪಡೆದು ಚೆಂಡುಗಳನ್ನು ಕಾರ್ಕಳದಲ್ಲಿ ಚಿನ್ನದ ಕೆಲಸ ಮಾಡುವ ಶಿಷ್ಯನ ತಕ್ಕಡಿಯಲ್ಲಿ ತೂಗಿಸಿದೆ. ಮಣಿಪಾಲದಲ್ಲಿ ಅಧ್ಯಾಪಕನಾಗಿರುವ ಇನ್ನೊಬ್ಬ ಶಿಷ್ಯ ಕ್ಯಾಲಿಪರ್‌ನಿಂದ ವ್ಯಾಸವನ್ನು ಅಳೆದ. ಹಳೆಯವು 38 ಮಿಲಿಮೀಟರ್, 2.5 ಗ್ರಾಂ. ಬಣ್ಣ ಬಳಿದದ್ದು 2.8 ಗ್ರಾಂ. ಉಡುಪಿ ಪೇಟೆಯಿಂದ ತಂದ ಹೊಸದು 40 ಮಿಲಿಮೀಟರ್, 2.7 ಗ್ರಾಂ. 2000ದಲ್ಲಿ ಆಟದ ಚೆಂಡಿನ ಅಳತೆಯೇ ಬದಲಾಯಿತಷ್ಟೆ.

ಬಣ್ಣದ ಚೆಂಡು ಗಾತ್ರದಲ್ಲಿ ಉಳಿದವುಗಳಷ್ಟೇ ಇದ್ದು ಭಾರ ಮಾತ್ರ ಹೆಚ್ಚಿರುವುದರಿಂದ ಕಡಿಮೆ ಮೇಲೇರುತ್ತದೆ. ಹೊಸದರ ಕಥೆ ಬೇರೆ. ಅದರ ತೂಕ ಶೇಕಡಾ 8ರಷ್ಟು ಹೆಚ್ಚು. ಆದರೆ ಗಾಳಿಗೆ ಒಡ್ಡಿಕೊಳ್ಳುವ ಮೈ ಶೇಕಡಾ 11ರಷ್ಟು ಹೆಚ್ಚು. ಆದ್ದರಿಂದ ಅದು ತುಸು ಸುಲಭವಾಗಿಯೇ ತೇಲೀತು. ತೂಕ, ವ್ಯಾಸ ಎರಡನ್ನೂ ನೋಡಬೇಕೆಂಬುದು ಇದಕ್ಕಾಗಿ.

ಇಲ್ಲಿ ನಡೆದದ್ದು ಅಜಾಗ್ರತೆ. ಅಮೆರಿಕದ ಪೆನ್ಸಿಲ್ವೇನಿಯಾ ಲಾಟರಿಯಲ್ಲಿ ಇದೇ ತತ್ತ್ವದಿಂದ ಮೋಸವನ್ನೇ ಮಾಡಿದರು. 4 ಮತ್ತು 6ರ ಚೆಂಡುಗಳನ್ನು ಬಿಟ್ಟು ಉಳಿದವುಗಳೊಳಗೆ ಬಣ್ಣವನ್ನು ಚುಚ್ಚಿ ಭಾರ ಮಾಡಿದರು. 1980ರ ಏಪ್ರಿಲ್ 24ರಂದು ದೂರದರ್ಶನದಲ್ಲಿ ಎಲ್ಲರ ಕಣ್ಣೆದುರಿಗೇ 666 ಬಂತು! ಆ ಎರಡು ಅಂಕೆಗಳಿಂದಾಗುವ ಎಂಟು ಸಂಖ್ಯೆಗಳ ಮೇಲೆಯೇ ವಿಪರೀತ ಹಣ ಹೂಡಿದ್ದರಿಂದ ಸಂಶಯ ಹುಟ್ಟಿತು.

"ಫಲಿತಾಂಶಗಳ ಪಟ್ಟಿ ನೋಡಿದರೆ ತಿಳಿಯದೇ?" ಎನ್ನುವವರೂ ಇದ್ದಾರೆ. ನೂರು ಸಲ ಎತ್ತಿದರೆ ಒಂದು ಅಂಕೆ ಸರಾಸರಿ 10 ಸಲ ಬರಬೇಕು. ಆದರೆ ಶುದ್ಧ ಯಂತ್ರದಲ್ಲಿಯೂ 3ರಷ್ಟು ಏರಿಳಿತ ಸಹಜ. ದೋಷವಿದ್ದು 12 ಸಲ ಬಂದರೆ ಯಾರು ಗುರುತಿಸಿಯಾರು? 2500 ಸಲ ಎತ್ತಿದಾಗ 250ರ ಬದಲು 300 ಬಂದರೆ ಮಾತ್ರ ದೋಷ ಖಚಿತವಾಗುತ್ತದೆ, ಏಕೆಂದರೆ ಅಲ್ಲಿ ಸಹಜ ಏರಿಳಿತ ಸುಮಾರು 15. ವರ್ಷಕ್ಕೊಮ್ಮೆ ಎತ್ತುವ ಸಂಘ ಅಷ್ಟು ಕಾಯಲಾದೀತೇ?

ಆದ್ದರಿಂದಲೇ ಒಳ್ಳೆಯ ತಪಾಸಣೆಯಲ್ಲಿ ಚೆಂಡುಗಳನ್ನು ಮೊದಲೇ ತೂಗಿ, ಅಳೆದು, ಸಂಖ್ಯೆಯುಳ್ಳ ಮುದ್ರೆಯೊತ್ತಿ ಬೀಗದಲ್ಲಿಡುತ್ತಾರೆ. ಹಲವು ಕಂತೆಗಳಲ್ಲಿ ಯಾವುದನ್ನು ಬಳಸಬೇಕೆಂಬುದನ್ನು ಆ ದಿನವೇ ಚೀಟಿ ಎತ್ತಿ ನಿರ್ಧರಿಸುತ್ತಾರೆ. ಮುಗಿದ ಮೇಲೆ ಮತ್ತೆ ತೂಗುತ್ತಾರೆ. ಒಂದು ಚೆಂಡು ಕೆಟ್ಟರೆ ಇಡೀ ಕಂತೆಯನ್ನೇ ಬದಲಿಸುತ್ತಾರೆ.

ನಮ್ಮ ಸಂಘಗಳಿಗೆ ಇದು ದುಬಾರಿಯೇನಲ್ಲ. ಹತ್ತು ಹೊಸ ಚೆಂಡು, ಒಂದು ತಕ್ಕಡಿ, ಇಬ್ಬರು ಸಾಕ್ಷಿಗಳು. ಅಷ್ಟನ್ನೂ ಮಾಡದವರು "ಪಾರದರ್ಶಕ" ಎಂಬ ಪದವನ್ನು ಪೆಟ್ಟಿಗೆಯ ಗಾಜಿಗಷ್ಟೇ ಬಳಸಲಿ.