ನೀಟ್: ಅಂಕ ನೋಡಿ ಅಲ್ಲ, ರ್ಯಾಂಕ್ ಮತ್ತು ಒಎಂಆರ್ ನೋಡಿ ತೀರ್ಮಾನಿಸಿ

2025ರ ಜೂನ್ 14ಕ್ಕೆ ನೀಟ್ ಫಲಿತಾಂಶ ಬಂತು. ಅಂದಿನಿಂದ ಮಗ್ರಿಬ್ ಕಳೆದು ಮನೆಗೆ ಬರುವಷ್ಟರಲ್ಲಿ ಜಗಲಿಯಲ್ಲಿ ಯಾರಾದರೊಬ್ಬರು ಕೂತಿರುತ್ತಾರೆ. ಪ್ರಶ್ನೆ ಒಂದೇ: "ಉಸ್ತಾದ್, ಇನ್ನೊಂದು ವರ್ಷ ಕೂರಿಸುವುದಾ, ಬೇರೆ ಕೋರ್ಸಿಗೆ ಹಾಕುವುದಾ?" ನಾನು ಮದ್ರಸದ ಮೇಷ್ಟ್ರು, ಓದಿದ್ದು ಪಿಯುಸಿ. ಆದರೆ ಏಳೆಂಟು ವರ್ಷದಿಂದ ನಮ್ಮ ಜಮಾಅತಿನ ಮಕ್ಕಳ ಅರ್ಜಿ, ಕೌನ್ಸೆಲಿಂಗ್ ಎಂದು ಓಡಾಡಿ ಒಂದಷ್ಟು ಕಲಿತಿದ್ದೇನೆ.

ಈ ವರ್ಷದ ಗೊಂದಲಕ್ಕೆ ಒಂದು ವಿಶೇಷ ಕಾರಣ ಇದೆ. ಕಳೆದ ವರ್ಷ, 2024ರಲ್ಲಿ, 720ಕ್ಕೆ 600 ದಾಟಿದವರೇ ಹತ್ತಾರು ಸಾವಿರ ಇದ್ದರು. ಈ ಸಲ ಪೇಪರು, ಅದರಲ್ಲೂ ಫಿಸಿಕ್ಸ್, ಎಷ್ಟು ಕಷ್ಟವಾಯಿತೆಂದರೆ 600 ದಾಟಿದವರು ಇಡೀ ದೇಶದಲ್ಲಿ ಸುಮಾರು 1,300 ಮಂದಿ. ಮೊದಲ ರ್ಯಾಂಕಿನವನಿಗೇ ಸಿಕ್ಕಿದ್ದು 686. ಹಾಗಾಗಿ "ಹೋದ ವರ್ಷ ನಮ್ಮ ಮಾವನ ಮಗನಿಗೆ ಇಷ್ಟು ಅಂಕಕ್ಕೆ ಸೀಟು ಸಿಗಲಿಲ್ಲ, ನಮ್ಮವಳಿಗೆ ಅದಕ್ಕಿಂತ ಕಡಿಮೆ" ಎಂದು ಅಳುವುದರಲ್ಲಿ ಅರ್ಥವಿಲ್ಲ. ಅಂಕಕ್ಕೆ ಅಂಕ ಹೋಲಿಸಿದರೆ ತಪ್ಪುತ್ತದೆ. ಹೋಲಿಸಬೇಕಾದ್ದು ರ್ಯಾಂಕಿಗೆ ರ್ಯಾಂಕ್.

ಕೆಇಎ ವೆಬ್‌ಸೈಟಿನಲ್ಲಿ ಕಳೆದ ವರ್ಷದ ಮೆಡಿಕಲ್ ಕಟ್‌ಆಫ್ ಪಟ್ಟಿ ಇರುತ್ತದೆ. ಕೊನೆಯ ಸುತ್ತಿನದ್ದನ್ನು ತೆಗೆಯಿರಿ, ಮೊದಲ ಸುತ್ತಿನದ್ದಲ್ಲ. ಅದರಲ್ಲಿ ನಮ್ಮ ಕಾಲಂ 2BG. ಒಂದರಿಂದ ಹತ್ತರವರೆಗೆ ಪೂರ್ತಿ ಹಳ್ಳಿ ಶಾಲೆಯಲ್ಲಿ ಓದಿದ್ದರೆ 2BR, ಪೂರ್ತಿ ಕನ್ನಡ ಮಾಧ್ಯಮವಾದರೆ 2BK. ಇಲ್ಲಿ ಅನೇಕರು ಎಡವುತ್ತಾರೆ. ಏಳರವರೆಗೆ ಊರ ಶಾಲೆ, ಎಂಟಕ್ಕೆ ಪೇಟೆಯ ಇಂಗ್ಲಿಷ್ ಮೀಡಿಯಂ ಎಂದಾದರೆ ಎರಡೂ ಸಿಗುವುದಿಲ್ಲ. 2ಬಿ ಈಗ ಇದೆಯೋ ಇಲ್ಲವೋ ಎಂದು ಇನ್ನೂ ಕೇಳುವವರಿದ್ದಾರೆ. ಅದನ್ನು ರದ್ದು ಮಾಡಿದ 2023ರ ಮಾರ್ಚಿನ ಆದೇಶ ವಿಷಯ ಸುಪ್ರೀಂ ಕೋರ್ಟಿಗೆ ಹೋದ ಮೇಲೆ ಜಾರಿಗೆ ಬರಲಿಲ್ಲ. ಶೇ. 4 ಮುಂದುವರಿದಿದೆ. ಆದರೆ ದೇರಳಕಟ್ಟೆಯ ಡೀಮ್ಡ್ ಕಾಲೇಜುಗಳಿಗೆ ಇದು ಅನ್ವಯಿಸುವುದಿಲ್ಲ, ಅವುಗಳ ಸೀಟು ಹಂಚುವುದು ದೆಹಲಿಯ ಎಂಸಿಸಿ.

ಇನ್ನೊಂದು ಮಾತು, ದುಡ್ಡಿನದ್ದು. ಖಾಸಗಿ ಕಾಲೇಜಿನ ಸರಕಾರಿ ಕೋಟಾ ಸೀಟಿಗೆ ವರ್ಷಕ್ಕೆ ಒಂದೂವರೆ ಲಕ್ಷದ ಆಸುಪಾಸು, ಅದೇ ಕಾಲೇಜಿನ ಖಾಸಗಿ ಕೋಟಾಕ್ಕೆ ಹತ್ತು ಲಕ್ಷ ದಾಟುತ್ತದೆ. ನಮ್ಮ ಮನೆಗಳಿಗೆ ಮೊದಲನೆಯದು ಸಿಕ್ಕರೆ ಮಾತ್ರ ಸೀಟು ಸಿಕ್ಕಿದ ಹಾಗೆ. ಹಾಗಾಗಿ ಮಗುವಿನ ರ್ಯಾಂಕನ್ನು ಇಡಬೇಕಾದ್ದು ಸರಕಾರಿ ಕೋಟಾದ ಕೊನೆಯ ರ್ಯಾಂಕಿನ ಪಕ್ಕದಲ್ಲಿ. ತೀರಾ ಹತ್ತಿರವಿದ್ದರೆ ಕೊನೆಯ ಸುತ್ತಿನವರೆಗೂ ಕಾಯಬಹುದು. ದೂರವಿದ್ದರೆ ಪ್ರಶ್ನೆ ಬೇರೆ: ಆ ದೂರ ಒಂದು ವರ್ಷದಲ್ಲಿ ಮುಗಿಯುವಂಥದ್ದಾ?

ಅದಕ್ಕೆ ಉತ್ತರ ಒಎಂಆರ್ ಶೀಟಿನಲ್ಲಿದೆ. ಪ್ರಶ್ನೆಪತ್ರಿಕೆ ಮನೆಗೆ ತಂದಿರುತ್ತಾರೆ, ಒಎಂಆರ್ ಪ್ರತಿ ಮತ್ತು ಸರಿ ಉತ್ತರಗಳನ್ನು ಎನ್‌ಟಿಎ ಕೊಟ್ಟಿದೆ. ಮೂರನ್ನೂ ಮುಂದಿಟ್ಟು ಲೆಕ್ಕ ಹಾಕಿದವರು ನಾನು ಕಂಡಷ್ಟರಲ್ಲಿ ಬಹಳ ಕಡಿಮೆ. ಇಸ್ತಿಖಾರಕ್ಕೆ ಕೂರುವ ಮೊದಲು ಆಗಬೇಕಾದ ಕೆಲಸ ಇದು.

ನಮ್ಮ ಬೀದಿಯ ಒಬ್ಬಳು ಹುಡುಗಿಯದ್ದು ಹೇಳುತ್ತೇನೆ. ಉಪ್ಪ ಜುಬೈಲಿನಲ್ಲಿ, ಮನೆಯಲ್ಲಿ ಉಮ್ಮ ಮತ್ತು ಇಬ್ಬರು ತಮ್ಮಂದಿರು. ಅವಳಿಗೆ 388 ಅಂಕ, ರ್ಯಾಂಕ್ ಎರಡು ಲಕ್ಷ ದಾಟಿತ್ತು. ಕಳೆದ ವರ್ಷದ 2BG ಪಟ್ಟಿಯಲ್ಲಿ ನೋಡಿದರೆ ದೂರವೇ. "ಫಿಸಿಕ್ಸ್ ಕೈ ಕೊಟ್ಟಿತು ಉಸ್ತಾದ್" ಎಂದಳು. 180 ಪ್ರಶ್ನೆಯಲ್ಲಿ 105 ಸರಿ, 32 ತಪ್ಪು, 43 ಬಿಟ್ಟದ್ದು. ಸರಿಗೆ ನಾಲ್ಕು, ತಪ್ಪಿಗೆ ಮೈನಸ್ ಒಂದು. 420ರಲ್ಲಿ 32 ಹೋಗಿ 388. ವಿಷಯವಾರು ಬರೆದೆವು. ಫಿಸಿಕ್ಸ್ 45ರಲ್ಲಿ 16 ಸರಿ, 11 ತಪ್ಪು, 18 ಬಿಟ್ಟದ್ದು. ಕೆಮಿಸ್ಟ್ರಿ 45ರಲ್ಲಿ 24 ಸರಿ, 11 ತಪ್ಪು, 10 ಬಿಟ್ಟದ್ದು. ಬಯಾಲಜಿ 90ರಲ್ಲಿ 65 ಸರಿ, 10 ತಪ್ಪು, 15 ಬಿಟ್ಟದ್ದು.

ಆಮೇಲೆ ಬಿಟ್ಟ ಪ್ರಶ್ನೆಗಳನ್ನೇ ಗಡಿಯಾರ ಇಲ್ಲದೆ ಮಾಡಲು ಹೇಳಿದೆ. ಬಿಟ್ಟದ್ದರಲ್ಲಿ ಎರಡು ಬಗೆ: ಸಮಯ ಸಾಲದೆ ಬಿಟ್ಟದ್ದು, ಗೊತ್ತಿಲ್ಲದೆ ಬಿಟ್ಟದ್ದು. ಮೊದಲನೆಯದನ್ನು ಅಭ್ಯಾಸದಿಂದ ಸರಿ ಮಾಡಬಹುದು, ಎರಡನೆಯದಕ್ಕೆ ಪಾಠವೇ ಮೊದಲಿನಿಂದ ಆಗಬೇಕು. ಎರಡು ದಿನ ಬಿಟ್ಟು ಬಂದಳು. ಫಿಸಿಕ್ಸಿನ 18ರಲ್ಲಿ ಬಂದದ್ದು ಮೂರೇ ಮೂರು. ಹೆಚ್ಚಿನವು ಫಸ್ಟ್ ಪಿಯುಸಿಯ ಮೆಕ್ಯಾನಿಕ್ಸ್. ಆದರೆ ಬಯಾಲಜಿಯ 15ರಲ್ಲಿ 11 ಬಂತು! ಅಂದರೆ ಬರದ ಫಿಸಿಕ್ಸಿನ ಮೇಲೆ ಹೊತ್ತು ಕಳೆದು, ಬರುವ ಬಯಾಲಜಿಯನ್ನು ಮುಟ್ಟಲಿಕ್ಕೇ ಆಗಿರಲಿಲ್ಲ. ಕೆಮಿಸ್ಟ್ರಿಯ ತಪ್ಪುಗಳಲ್ಲಿ ಆರು ಎನ್‌ಸಿಇಆರ್‌ಟಿ ಪುಸ್ತಕದಲ್ಲೇ ಇದ್ದ ಸಾಲುಗಳು, ಓದಿ ಮರೆತದ್ದು.

ಈಗ ಕೂಡಿಸಿ. ಬಿಟ್ಟದ್ದು ಸರಿಯಾದರೆ ನಾಲ್ಕು ಅಂಕ ಲಾಭ, ತಪ್ಪಾದದ್ದು ಸರಿಯಾದರೆ ಐದು. ಬಯಾಲಜಿಯ ಹನ್ನೊಂದರಿಂದ 44, ಕೆಮಿಸ್ಟ್ರಿಯ ಆರರಿಂದ 30. ಒಟ್ಟು 74, ಅಂದರೆ 462. ಫಿಸಿಕ್ಸ್ ಮುಟ್ಟದೆಯೇ. ಆದರೆ ಮನೆಯಲ್ಲಿ ಚಾ ಕುಡಿಯುತ್ತಾ, ಸರಿ ಉತ್ತರ ಒಮ್ಮೆ ನೋಡಿದ ಮೇಲೆ ಮಾಡಿದ ಲೆಕ್ಕ ಇದು. ಅರ್ಧ ಕಳೆಯಿರಿ ಎಂದೆ. 425. ಬರುವ ವರ್ಷ ಅದು ಎಷ್ಟು ರ್ಯಾಂಕಾಗುತ್ತದೆ ಎಂದು ಪೇಪರು ನೋಡದೆ ಯಾರೂ ಹೇಳಲಾರರು. ಹಾಗಾಗಿ ಅವಳದ್ದು ಅಂಚಿನಲ್ಲಿ ನಿಂತ ಕೇಸು: ಫಿಸಿಕ್ಸನ್ನೂ ಒಂದಿಷ್ಟು ಎತ್ತಿದರೆ ಮಾತ್ರ ವರ್ಷಕ್ಕೆ ಬೆಲೆ. ಬಯಾಲಜಿಯಲ್ಲೂ ಹನ್ನೊಂದರ ಬದಲು ಮೂರೇ ಬಂದಿದ್ದರೆ ನಾನು ಖಂಡಿತ "ಬೇಡ ಮಗಳೇ, ಬೇರೆ ಕೋರ್ಸು ನೋಡು" ಎನ್ನುತ್ತಿದ್ದೆ.

ಉಮ್ಮ ಕೇಳಿದ್ದು ಮಧ್ಯದ ದಾರಿ: "ನರ್ಸಿಂಗಿಗೆ ಸೇರಿಸಿ, ಜೊತೆಗೆ ನೀಟ್ ಓದಲಿ?" ನಾನು ಒಪ್ಪಲಿಲ್ಲ. ನರ್ಸಿಂಗಿನಲ್ಲಿ ಹಾಜರಿ ಕಟ್ಟುನಿಟ್ಟು, ಆಸ್ಪತ್ರೆ ಡ್ಯೂಟಿ ಬೇರೆ. ಎರಡೂ ಅರ್ಧವಾಗುತ್ತದೆ. ವರ್ಷದ ಮಧ್ಯೆ ಬಿಟ್ಟರೆ ಉಳಿದ ವರ್ಷಗಳ ಫೀಸು ಕಟ್ಟಿ, ಆಮೇಲೆ ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಕೊಡುತ್ತೇವೆ ಎಂದ ಕಾಲೇಜನ್ನು ನಾನೇ ಕಂಡಿದ್ದೇನೆ. ಒರಿಜಿನಲ್ ಹಿಡಿದಿಡಬಾರದು ಎಂದು ಯುಜಿಸಿ ಹೇಳುತ್ತದೆ, ಆದರೆ ಕೌನ್ಸೆಲಿಂಗಿನ ದಿನ ದಾಖಲೆ ಕೈಯಲ್ಲಿಲ್ಲದಿದ್ದರೆ ಆ ನಿಯಮ ತೋರಿಸಿ ಏನು ಮಾಡುವುದು? ಬಿಟ್ಟರೆ ಏನೇನು ಕಟ್ಟಬೇಕು ಎಂದು ಸೇರುವ ಮೊದಲೇ ಬರವಣಿಗೆಯಲ್ಲಿ ಕೇಳಿ. ಪಕ್ಕದಲ್ಲಿ ನೀಟ್ ಓದಲೇಬೇಕೆಂದಿದ್ದರೆ ಊರ ಹತ್ತಿರದ ಬಿಎಸ್ಸಿಯೇ ಸ್ವಲ್ಪ ಹಗುರ.

ಇನ್ನು ನಮ್ಮ ಮನೆಗಳ ವಿಷಯ. ಹುಡುಗಿ ಒಂದು ವರ್ಷ ಮನೆಯಲ್ಲಿ ಕೂತರೆ ಮೂರನೇ ತಿಂಗಳಿಗೆ ಅಡುಗೆ ಮನೆ ಅವಳದ್ದಾಗುತ್ತದೆ, ಆರನೇ ತಿಂಗಳಿಗೆ ಪ್ರಸ್ತಾಪ ಬರುತ್ತದೆ. ಹುಡುಗನಾದರೆ ಯಾರೋ ಅಣ್ಣ ದುಬೈಯಿಂದ ವಿಸಿಟ್ ವೀಸಾ ಕಳಿಸುತ್ತಾನೆ. ಒಎಂಆರ್ ಏನೇ ಹೇಳಲಿ, ಹತ್ತು ತಿಂಗಳು ಮಗುವನ್ನು ಮದುವೆ ಮನೆ, ತೊಟ್ಟಿಲು ಮನೆಗಳಿಂದ ಬಿಡುವು ಮಾಡಿ ಕೊಡಲು ಆಗುವುದಿಲ್ಲ ಎಂದಾದರೆ ರಿಪೀಟ್ ಬೇಡ. ಇದನ್ನು ಉಪ್ಪನಿಗೆ ಫೋನಿನಲ್ಲಿ ನೇರವಾಗಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ತಂಗಿಯ ಮದುವೆ ಜನವರಿಯಲ್ಲಿದೆ, ಉಸ್ತಾದ್" ಎಂದರು.

ಕೊನೆಗೆ ಅವರು ಒಪ್ಪಿದ್ದು ಹೀಗೆ. ಸಿಇಟಿ ರ್ಯಾಂಕಿನಲ್ಲಿ ಪಶುವೈದ್ಯಕೀಯಕ್ಕೆ ಈಗಲೇ ಆಪ್ಷನ್ ಹಾಕುವುದು, ಸೀಟು ಸಿಕ್ಕರೆ ಎರಡನೇ ಮಾತಿಲ್ಲದೆ ಸೇರುವುದು. ಸಿಗದಿದ್ದರೆ ಒಂದೇ ಒಂದು ವರ್ಷ ರಿಪೀಟ್, ಅತ್ತೆಯ ಮನೆಯಲ್ಲಿದ್ದುಕೊಂಡು. ಸೆಪ್ಟೆಂಬರ್ ಮುಗಿಯುವುದರೊಳಗೆ ಫಸ್ಟ್ ಪಿಯುಸಿ ಫಿಸಿಕ್ಸ್. ನವೆಂಬರಿನಲ್ಲಿ ಮೂರು ಗಂಟೆಯ ಪೂರ್ತಿ ಪರೀಕ್ಷೆ, ಬಯಾಲಜಿ ಮೊದಲು ಬರೆದು. ಅದರಲ್ಲೂ ಫಿಸಿಕ್ಸ್ ಈಗಿನ 53 ಅಂಕದಲ್ಲೇ ನಿಂತಿದ್ದರೆ ನೀಟ್ ಜೊತೆಗೆ ಸಿಇಟಿಗೂ ಅರ್ಜಿ ಹಾಕಿ, ಏನು ಸಿಗುತ್ತದೋ ಅದಕ್ಕೆ ಸೇರುವುದು. ನವೆಂಬರಿನ ಆ ಪರೀಕ್ಷೆಯ ದಿನ ನನ್ನ ಮದ್ರಸದ ಮೇಲಿನ ಕೋಣೆ ಖಾಲಿ ಮಾಡಿ ಕೊಡುತ್ತೇನೆ ಎಂದಿದ್ದೇನೆ. ಆಪ್ಷನ್ ಹಾಕುವ ಪಾಸ್‌ವರ್ಡ್ ಮಾತ್ರ ಸೈಬರ್ ಅಂಗಡಿಯವನ ಹತ್ತಿರ ಇದೆಯಂತೆ, ನಾಳೆ ಬೆಳಗ್ಗೆ ಅದನ್ನು ಮೊದಲು ತರಿಸಬೇಕು.