‘ಸಕ್ಷಮ ಪ್ರಾಧಿಕಾರ’ ಅಂದ್ರೆ ಯಾರ್ರೀ?



ಹೋದ ತಿಂಗಳು ಹಾಸ್ಟೆಲ್‌ನಿಂದ ಒಂದು ಹುಡುಗಿ ಫೋನ್ ಮಾಡಿದ್ಲು. ನಮ್ಮ ಕೇರಿಯವಳೇ, ಬಿಎ ಮೊದಲ ವರ್ಷ. ಅವರ ಮನೇಲಿ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ಇವಳೇ ಮೊದಲನೆಯವಳು. “ಅಣ್ಣಾ, ನಾನು ಕಳ್ಳತನ ಮಾಡಿದೀನಿ ಅಂತ ಬರೆದುಕೊಡಬೇಕಂತೆ. ಅಪ್ಪನ್ನೂ ಕರ್ಕೊಂಡು ಬರ್ಬೇಕಂತೆ” ಅಂದ್ಲು. ಅಪ್ಪ ಬಂದ್ರೆ ಅವತ್ತಿನ ಕೂಲಿ ಹೋಯ್ತು. ಆದ್ರೆ ಅವಳು ಅತ್ತಿದ್ದು ಕೂಲಿಗಲ್ಲ, ‘ಕಳ್ಳತನ’ ಅನ್ನೋ ಮಾತಿಗೆ. ಊರಲ್ಲಿ ಏನು ಕಳೆದುಹೋದರೂ ಮೊದಲು ಯಾವ ಕೇರಿ ಕಡೆ ನೋಡ್ತಾರೆ ಅನ್ನೋದು ನಮಗೆ ಗೊತ್ತಲ್ಲ.

ಆಗಿದ್ದು ಇಷ್ಟು. ಅಸ್ಪೃಶ್ಯತೆ ಮತ್ತು ಸಂವಿಧಾನದ ಬಗ್ಗೆ ಆರುನೂರು ಪದದ ಅಸೈನ್‌ಮೆಂಟ್, ಇಂಗ್ಲಿಷಿನಲ್ಲಿ. ಅಂಕ ಹತ್ತು. ಸಾಫ್ಟ್‌ವೇರ್‌ಗೆ ಹಾಕಿದ್ರು, ಹೋಲಿಕೆ ಶೇ. 38 ಅಂತ ಬಂತು. ಸೊನ್ನೆ ಕೊಟ್ಟು, ತಪ್ಪೊಪ್ಪಿಗೆ ಬರೆದುಕೊಡು ಅಂದ್ರು. “ಯಾಕೆ ಸರ್” ಅಂತ ಕೇಳಿದ್ದಕ್ಕೆ ವಿದ್ಯಾರ್ಥಿ ಕೈಪಿಡಿಯ ಒಂದು ಪ್ಯಾರಾ ತೋರಿಸಿದ್ರಂತೆ. ಅದು ಹೀಗಿದೆ:

“ಕೃತಿಚೌರ್ಯವೂ ಸೇರಿದಂತೆ ಯಾವುದೇ ಸ್ವರೂಪದ ಶೈಕ್ಷಣಿಕ ಅಪ್ರಾಮಾಣಿಕತೆಯು ಕಂಡುಬಂದಲ್ಲಿ ಅದನ್ನು ಗಂಭೀರವಾಗಿ ಪರಿಗಣಿಸಿ, ಚಾಲ್ತಿಯಲ್ಲಿರುವ ಯುಜಿಸಿ ನಿಯಮಾವಳಿಗಳನ್ವಯ ಹೋಲಿಕೆಯ ಪ್ರಮಾಣಕ್ಕೆ ಅನುಗುಣವಾಗಿ ಸಂಬಂಧಪಟ್ಟವರ ವಿರುದ್ಧ ಸೂಕ್ತ ಶಿಸ್ತುಕ್ರಮ ಜರುಗಿಸಲಾಗುವುದು. ಈ ಕುರಿತು ಸಕ್ಷಮ ಪ್ರಾಧಿಕಾರದ ತೀರ್ಮಾನವೇ ಅಂತಿಮವಾಗಿರುತ್ತದೆ.”

ನಾನು ಗುಮಾಸ್ತ. ಇಂಥ ಸುತ್ತೋಲೆಗಳನ್ನ ಟೈಪ್ ಮಾಡಿ ಮಾಡಿ ಬೆರಳು ಸವೆದಿದೆ. ‘ಕ್ರಮ ಜರುಗಿಸಲಾಗುವುದು’ ಅಂತ ಬರೆಸೋರು ಯಾಕೆ ಹಾಗೆ ಬರೆಸ್ತಾರೆ ಅನ್ನೋದು ನನಗೆ ಗೊತ್ತು. ಜರುಗಿಸೋರು ಯಾರು ಅಂತ ಬರೆದರೆ ನಾಳೆ ಅವರು ಉತ್ತರ ಕೊಡಬೇಕಾಗುತ್ತೆ. ‘ಸೂಕ್ತ’ ಅಂದ್ರೆ ಎಷ್ಟು ಅಂತ ಬರೆದರೆ ಅದಕ್ಕಿಂತ ಹೆಚ್ಚು ಮಾಡೋ ಹಾಗಿಲ್ಲ. ‘ಸಕ್ಷಮ ಪ್ರಾಧಿಕಾರ’ಕ್ಕೆ ಹೆಸರು, ಕೊಠಡಿ ಸಂಖ್ಯೆ ಬರೆದರೆ ಹುಡುಗಿ ಅಲ್ಲಿಗೇ ಹೋಗಿ ನಿಂತ್ಕೋತಾಳೆ. ಹಾಗಾಗಿ ಈ ಪ್ಯಾರಾ ಹೇಳೋದು ಒಂದೇ ಮಾತು: ನೀನು ಹೆದರಿಕೊಂಡಿರು.

ಈಗ ಅವರೇ ಹೆಸರು ಹೇಳಿದ ಯುಜಿಸಿ ನಿಯಮ ನೋಡೋಣ. ಕೃತಿಚೌರ್ಯ ತಡೆಗೆ ಯುಜಿಸಿ 2018ರಲ್ಲಿ ನಿಯಮಾವಳಿ ತಂದಿದೆ. ಅದರಲ್ಲಿ ಥೀಸಿಸ್, ಡಿಸರ್ಟೇಶನ್‌ಗಳಿಗೆ ನಾಲ್ಕು ಹಂತ ಇದೆ. ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡನೆ ಇಲ್ಲ. 10ರಿಂದ 40ರವರೆಗೆ ಇದ್ದರೆ ಆರು ತಿಂಗಳು ಮೀರದ ಗಡುವಿನೊಳಗೆ ತಿದ್ದಿ ಕೊಡಬೇಕು. 40ರಿಂದ 60ರವರೆಗೆ ಇದ್ದರೆ ಒಂದು ವರ್ಷ ತಿದ್ದುಪಡಿ ಪ್ರತಿ ಸಲ್ಲಿಸೋ ಹಾಗಿಲ್ಲ. 60 ದಾಟಿದರೆ ನೋಂದಣಿ ರದ್ದು.

ಇಲ್ಲಿ ಎರಡು ಮಾತಿದೆ. ಒಂದು, ಈ ಲೆಕ್ಕಕ್ಕೆ ಬರೋದು ಯಾವ ಬರಹ ಅಂತ ಅದೇ ನಿಯಮಾವಳಿಯ ವ್ಯಾಖ್ಯೆಯಲ್ಲಿದೆ. ಅಸೈನ್‌ಮೆಂಟ್, ಟರ್ಮ್ ಪೇಪರ್, ಪ್ರಾಜೆಕ್ಟ್ ವರದಿ, ಕೋರ್ಸ್‌ವರ್ಕ್, ಪ್ರಬಂಧ, ಉತ್ತರಪತ್ರಿಕೆ ಇವನ್ನೆಲ್ಲ ಅಲ್ಲಿ ಹೊರಗಿಟ್ಟಿದ್ದಾರೆ. ಅಂದ್ರೆ ಮೊದಲ ವರ್ಷದ ಮಕ್ಕಳ ಅಸೈನ್‌ಮೆಂಟ್‌ಗೆ ಈ ಶೇಕಡಾವಾರು ಕೋಷ್ಟಕ ಅನ್ವಯವೇ ಆಗಲ್ಲ. ಎರಡು, ಆಗುತ್ತೆ ಅಂತಲೇ ಇಟ್ಕೊಳ್ಳಿ. ಶೇ. 38ಕ್ಕೆ ಅಲ್ಲಿರೋದು ‘ತಿದ್ದಿ ಕೊಡು’ ಅಂತ. ಪಿಎಚ್‌ಡಿ ಮಾಡೋರಿಗೆ ತಿದ್ದೋಕೆ ತಿಂಗಳುಗಟ್ಟಲೆ ಕಾಲ, ಹದಿನೆಂಟು ವರ್ಷದ ಹುಡುಗಿಗೆ ಸೊನ್ನೆ ಮತ್ತು ಕಳ್ಳಿ ಅನ್ನೋ ಪಟ್ಟ. ಇದ್ಯಾವ ನ್ಯಾಯ ಸ್ವಾಮೀ?

ಆಮೇಲೆ ನಾನು, ಅವಳು ಕೂತು ಆ ವರದಿಯಲ್ಲಿ ಬಣ್ಣ ಹಚ್ಚಿದ ಪದಗಳನ್ನ ಒಂದೊಂದಾಗಿ ಎಣಿಸಿದೆವು. ಆರುನೂರಕ್ಕೆ ಶೇ. 38 ಅಂದ್ರೆ 228 ಪದ. ಅದರಲ್ಲಿ 42 ಪದ ಮುಖಪುಟ ಮತ್ತು ಮೇಷ್ಟ್ರೇ ಕೊಟ್ಟ ಪ್ರಶ್ನೆ. ಎಲ್ಲ ಮಕ್ಕಳದ್ದೂ ಒಂದೇ ಥರ ಇರುತ್ತೆ. 70 ಪದ ಸಂವಿಧಾನದ ವಿಧಿಗಳು. ಹದಿನೇಳನೇ ವಿಧಿಯನ್ನ ನಮ್ಮ ಹುಡುಗಿ ಸ್ವಂತ ಮಾತಲ್ಲಿ ಬರೀಬೇಕಿತ್ತಾ? 50 ಪದ ಕೊನೆಯಲ್ಲಿ ಕೊಟ್ಟ ಪುಸ್ತಕಗಳ ಪಟ್ಟಿ. ಕಾನೂನಿನ ಮಾತು, ಆಕರ ಪಟ್ಟಿ ಇವನ್ನ ಹೋಲಿಕೆ ಲೆಕ್ಕದಿಂದ ಬಿಡಬೇಕು ಅಂತ ಯುಜಿಸಿಯೇ ಹೇಳಿದೆ. ಆ ಸಾಫ್ಟ್‌ವೇರ್‌ನಲ್ಲಿ ಅದನ್ನ ಬಿಡೋ ಆಯ್ಕೆಯನ್ನ ಯಾರೂ ಒತ್ತಿರಲಿಲ್ಲ.

ಉಳಿದಿದ್ದು 66 ಪದ, ಶೇ. 11. ಅದು ಒಂದು ವೆಬ್‌ಸೈಟಿನಿಂದ ಎತ್ತಿದ್ದು. ಉದ್ಧರಣ ಚಿಹ್ನೆ ಇಲ್ಲ, ಹೆಸರಿಲ್ಲ. ಅದು ತಪ್ಪೇ. ನಾನೇನೂ ಮುಚ್ಚಿಡಲ್ಲ, ಅವಳೂ ಮುಚ್ಚಿಡಲಿಲ್ಲ. “ಪಿಯುಸಿವರೆಗೂ ಗೈಡಲ್ಲಿ ಇದ್ದಂಗೇ ಬರೆದ್ರೆ ಫುಲ್ ಮಾರ್ಕ್ಸ್ ಕೊಡ್ತಿದ್ರಲ್ಲಣ್ಣ” ಅಂದ್ಲು. ಹನ್ನೆರಡು ವರ್ಷ ಅಕ್ಷರ ತಪ್ಪದೆ ಒಪ್ಪಿಸಿದರೆ ಬೆನ್ನು ತಟ್ಟಿ, ಹದಿಮೂರನೇ ವರ್ಷ ಅದನ್ನೇ ಚೌರ್ಯ ಅಂತ ಕರೆಯೋದಾದರೆ, ನಿಯಮ ಯಾವತ್ತು ಬದಲಾಯ್ತು ಅಂತ ಯಾರಾದರೂ ಹೇಳಬೇಕೋ ಬೇಡ್ವೋ? ಹೇಳಬೇಕಾಗಿದ್ದು ಆ ಪ್ಯಾರಾ. ಅದು ಹೇಳಲಿಲ್ಲ. ಅಪ್ಪ-ಅಮ್ಮ ಪ್ರೊಫೆಸರ್ ಆಗಿರೋ ಮನೆ ಮಕ್ಕಳಿಗೆ ಇದು ಊಟದ ಹೊತ್ತಲ್ಲೇ ಗೊತ್ತಾಗುತ್ತೆ. ನಮ್ಮ ಮಕ್ಕಳಿಗೆ ಇರೋದು ಆ ಕೈಪಿಡಿ ಒಂದೇ.

ಬರೀ ಬೈದು ಕೂತರೆ ಆಗಲ್ಲ ಅಂತ ಆ ಪ್ಯಾರಾವನ್ನ ತಿದ್ದಿ ಬರೆದು ಕಾಲೇಜಿಗೆ ಅರ್ಜಿ ಜೊತೆ ಕೊಟ್ಟಿದ್ದೀನಿ. ಇಲ್ಲೂ ಹಾಕ್ತಿದ್ದೀನಿ. ದಿನಗಳ ಲೆಕ್ಕ, ಅಂಕದ ಲೆಕ್ಕ ನನ್ನ ಸಲಹೆ, ಚರ್ಚೆಗೆ ಬಿಟ್ಟಿದ್ದು.

“ಕೃತಿಚೌರ್ಯ ಎಂದರೆ ಏನು? ಬೇರೆಯವರ ಮಾತನ್ನು ಅಥವಾ ವಿಚಾರವನ್ನು ಅವರ ಹೆಸರು ಹೇಳದೆ ನಿಮ್ಮದೆಂಬಂತೆ ಕೊಡುವುದು. ಪುಸ್ತಕದಲ್ಲಿ ಹೀಗಿದೆ ಎಂದುಕೊಳ್ಳಿ: ‘ಬರಗಾಲದಲ್ಲಿ ಊರ ಬಾವಿ ಬತ್ತಿದಾಗ ಜಾತಿಯ ಗೆರೆ ಮತ್ತಷ್ಟು ಗಟ್ಟಿಯಾಯಿತು.’ ಇದನ್ನು ‘ಕ್ಷಾಮದಲ್ಲಿ ಹಳ್ಳಿಯ ಬಾವಿ ಒಣಗಿದಾಗ ಜಾತಿಯ ಗಡಿ ಇನ್ನಷ್ಟು ಬಿಗಿಯಾಯಿತು’ ಎಂದು ಪದ ಮಾತ್ರ ಬದಲಿಸಿ ಬರೆದರೂ ಅದು ಕೃತಿಚೌರ್ಯವೇ. ‘ನೀರು ಕಡಿಮೆಯಾದಾಗ ಭೇದ ಹೆಚ್ಚಾಗುತ್ತದೆ ಎಂದು ಇಂಥವರು ಇಂಥ ಪುಸ್ತಕದಲ್ಲಿ ಹೇಳಿದ್ದಾರೆ, ನಮ್ಮೂರಿನಲ್ಲಿ ನಾನು ಕಂಡದ್ದೂ ಅದೇ’ ಎಂದು ಬರೆದರೆ ಸರಿ. ಕಾನೂನಿನ ಮಾತು, ಕೊಟ್ಟ ಪ್ರಶ್ನೆ, ಆಕರ ಪಟ್ಟಿ, ಹೆಸರು ಹೇಳಿ ಉದ್ಧರಣ ಚಿಹ್ನೆಯೊಳಗೆ ಬರೆದ ಮಾತು ಕೃತಿಚೌರ್ಯವಲ್ಲ.

ತಪ್ಪು ಕಂಡರೆ ಏನಾಗುತ್ತದೆ? ಸಾಫ್ಟ್‌ವೇರ್ ತೋರಿಸುವುದು ಹೋಲಿಕೆಯನ್ನು ಮಾತ್ರ. ಅದು ತಪ್ಪೋ ಅಲ್ಲವೋ ಎಂಬುದನ್ನು ಅಧ್ಯಾಪಕರು ಓದಿ ಹೇಳುತ್ತಾರೆ. ವರದಿಯ ಪ್ರತಿಯನ್ನು ನಿಮಗೆ ಕೊಡುತ್ತಾರೆ. ಮೊದಲ ವರ್ಷದಲ್ಲಿ ಮೊದಲ ಸಲವಾದರೆ ಹತ್ತು ದಿನದೊಳಗೆ ತಿದ್ದಿ ಕೊಡಬೇಕು, ಅಂಕ ಕಡಿತವಿಲ್ಲ. ಎರಡನೇ ಸಲವಾದರೆ ತಿದ್ದಿ ಕೊಡಬೇಕು, ಅರ್ಧ ಅಂಕ ಮಾತ್ರ. ಮೂರನೇ ಸಲವಾದರೆ ಆ ಅಸೈನ್‌ಮೆಂಟ್‌ಗೆ ಸೊನ್ನೆ. ಇದಕ್ಕಿಂತ ಹೆಚ್ಚಿನ ಶಿಕ್ಷೆ ಇಲ್ಲ. ತಪ್ಪೊಪ್ಪಿಗೆ ಪತ್ರ ಬರೆಸುವುದಿಲ್ಲ, ಪೋಷಕರನ್ನು ಕರೆಸುವುದಿಲ್ಲ.

ನೀವು ಒಪ್ಪದಿದ್ದರೆ? ಏಳು ದಿನದೊಳಗೆ ವಿಭಾಗದ ಮುಖ್ಯಸ್ಥರಿಗೆ ಕನ್ನಡದಲ್ಲಿ ಅಥವಾ ಇಂಗ್ಲಿಷಿನಲ್ಲಿ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ದೂರಿದ ಅಧ್ಯಾಪಕರನ್ನು ಬಿಟ್ಟು ಮೂವರು ನಿಮ್ಮ ಮಾತು ಕೇಳಿ ಹತ್ತು ದಿನದೊಳಗೆ ಕಾರಣ ಸಹಿತ ಲಿಖಿತ ಉತ್ತರ ಕೊಡುತ್ತಾರೆ. ಅದೂ ಒಪ್ಪಿಗೆಯಾಗದಿದ್ದರೆ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿಗೆ ದೂರು ಕೊಡಬಹುದು. ಆ ಸಮಿತಿಯ ಅಧ್ಯಕ್ಷರ ಹೆಸರು, ಕೊಠಡಿ, ಫೋನ್ ಸಂಖ್ಯೆ ಈ ಪುಟದ ಕೆಳಗಿದೆ.”

ಕೊನೆಯ ಮೆಟ್ಟಿಲು ನಾನು ಕಟ್ಟಿದ್ದಲ್ಲ. 2023ರ ಯುಜಿಸಿ ವಿದ್ಯಾರ್ಥಿ ಕುಂದುಕೊರತೆ ನಿಯಮಾವಳಿಯಲ್ಲೇ ಇದೆ. ಮೌಲ್ಯಮಾಪನದಲ್ಲಿ ಅನ್ಯಾಯ ಆಗಿದ್ರೂ ಅಲ್ಲಿಗೆ ಹೋಗಬಹುದು, ಜಾತಿ ತಾರತಮ್ಯ ಆಗಿದ್ರೂ ಹೋಗಬಹುದು. ಸಮಿತಿ 15 ಕೆಲಸದ ದಿನದೊಳಗೆ ವರದಿ ಕೊಡಬೇಕು. ಅದರಲ್ಲಿ ಒಬ್ಬರಾದರೂ ಮಹಿಳೆ, ಒಬ್ಬರಾದರೂ ಎಸ್‌ಸಿ, ಎಸ್‌ಟಿ ಅಥವಾ ಒಬಿಸಿಗೆ ಸೇರಿದವರು ಇರಬೇಕು. ಅಲ್ಲಿಯ ತೀರ್ಮಾನವೂ ಸರಿಯಿಲ್ಲ ಅನ್ನಿಸಿದರೆ, ಅದು ಕೈಗೆ ಬಂದ 15 ದಿನದೊಳಗೆ ಒಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ ಹಾಕಬಹುದು. ಇಷ್ಟೆಲ್ಲ ಇದ್ದೂ ‘ಪ್ರಾಧಿಕಾರದ ತೀರ್ಮಾನವೇ ಅಂತಿಮ’ ಅಂತ ಅಚ್ಚು ಹಾಕಿದ್ರೆ ಅದು ಸುಳ್ಳು ತಾನೇ?

ಅರ್ಜಿ ನೋಡಿದ ಒಬ್ಬ ಮೇಷ್ಟ್ರು “ಮೊದಲ ಸಲ ಶಿಕ್ಷೆ ಇಲ್ಲ ಅಂತ ಬರೆದರೆ ಎಲ್ಲರೂ ಒಂದ್ಸಲ ಕಾಪಿ ಹೊಡೀತಾರೆ” ಅಂದ್ರು. ಹೊಡೀಲಿ ಸರ್. ತಿದ್ದಿ ಬರೆಯೋದು ಬರೆಯೋದಕ್ಕಿಂತ ಹೆಚ್ಚಿನ ಕೆಲಸ. ಆ ಕೆಲಸ ಮಾಡಿದವನು ಕಲೀತಾನೆ, ಸೊನ್ನೆ ತಗೊಂಡವನು ಕಾಲೇಜು ಬಿಡ್ತಾನೆ. ಇನ್ನೊಬ್ಬರು “ನಿಮ್ಮವರಿಗೆ ಇದರಲ್ಲೂ ರಿಯಾಯಿತಿ ಬೇಕಾ” ಅಂದ್ರು. ನಾನು ಬರೆದ ಪ್ಯಾರಾದಲ್ಲಿ ಜಾತಿ ಹೆಸರು ಎಲ್ಲಿದೆ ತೋರಿಸಿ. ನಿಯಮ ಎಲ್ಲರಿಗೂ ಒಂದೇ. ಓದಿದರೆ ಅರ್ಥ ಆಗಬೇಕು ಅನ್ನೋದನ್ನ ರಿಯಾಯಿತಿ ಅಂತ ಕರೆಯೋರಿಗೆ, ಅರ್ಥ ಆಗದೇ ಇರೋದರಿಂದ ಯಾರಿಗೋ ಲಾಭ ಇದೆ ಅಂತ ಗೊತ್ತಿದೆ.

ಹೆಸರು ಹೇಳಿ ಬರೆಯೋದು ಹೇಗೆ ಅಂತ ಕಲಿಸೋಕೆ ನಮಗೆ ದೂರ ಹೋಗಬೇಕಾಗಿಲ್ಲ. 1916ರಲ್ಲಿ ಬಾಬಾಸಾಹೇಬರು ಕೊಲಂಬಿಯಾದಲ್ಲಿ ‘ಕ್ಯಾಸ್ಟ್ಸ್ ಇನ್ ಇಂಡಿಯಾ’ ಪ್ರಬಂಧ ಓದಿದರು. ಜಾತಿ ಅಂದ್ರೆ ಏನು ಅಂತ ಹೇಳೋಕೆ ಮುಂಚೆ ಸೆನಾರ್, ನೆಸ್‌ಫೀಲ್ಡ್, ರಿಸ್ಲೆ, ಕೇತ್ಕರ್ ಏನು ಹೇಳಿದ್ದಾರೆ ಅಂತ ಒಬ್ಬೊಬ್ಬರ ಹೆಸರು ಹಿಡಿದು ಅವರವರ ಮಾತಲ್ಲೇ ಮುಂದಿಟ್ಟರು. ಎಲ್ಲಿ ಕೊರತೆ ಇದೆ ಅಂತ ತೋರಿಸಿದರು. ಆಮೇಲೆ ತಮ್ಮ ಮಾತು ಹೇಳಿದರು. ಮೊದಲ ವರ್ಷದ ಮಕ್ಕಳಿಗೆ ಆ ಎರಡು ಪುಟ ಓದಿಸಿ, ಸಾಫ್ಟ್‌ವೇರ್ ಆಮೇಲೆ ಹಾಕಿ.

ಹುಡುಗಿ ಆ 66 ಪದವನ್ನ ತನ್ನ ಮಾತಲ್ಲಿ ಮತ್ತೆ ಬರೆದು, ವೆಬ್‌ಸೈಟಿನ ಹೆಸರು ಹಾಕಿ ಕೊಟ್ಟಿದ್ದಾಳೆ. ತಪ್ಪೊಪ್ಪಿಗೆ ಬರೆದುಕೊಟ್ಟಿಲ್ಲ. ಅಪ್ಪನ್ನ ಕರ್ಕೊಂಡು ಹೋಗಿಲ್ಲ. ಅಂಕ ಇನ್ನೂ ಬಂದಿಲ್ಲ, ನನ್ನ ಅರ್ಜಿಗೆ ‘ಪರಿಶೀಲಿಸಲಾಗುವುದು’ ಅಂತ ಉತ್ತರ ಬಂದಿದೆ. ಯಾರು, ಯಾವತ್ತು ಅಂತ ಇಲ್ಲ. ಅದನ್ನೇ ಕೇಳಿ ಎರಡನೇ ಅರ್ಜಿ ಸೋಮವಾರ ಕೊಡ್ತೀನಿ.

ನಿಮ್ಮ ಮನೆ ಮಕ್ಕಳು, ನಿಮ್ಮ ಹಾಸ್ಟೆಲ್ ಮಕ್ಕಳು ಯಾರಾದರೂ ಈ ವರ್ಷ ಡಿಗ್ರಿ ಸೇರಿದ್ದರೆ ಅವರ ಕೈಪಿಡಿ ತೆಗೆಸಿ ಆ ಪ್ಯಾರಾ ಓದಿಸಿ. ಏನು ಮಾಡಿದರೆ ತಪ್ಪು, ಎಷ್ಟು ಶಿಕ್ಷೆ, ಯಾರ ಹತ್ತಿರ ಹೋಗಬೇಕು, ಎಷ್ಟು ದಿನದೊಳಗೆ? ಈ ನಾಲ್ಕಕ್ಕೆ ಮಗು ಉತ್ತರ ಹೇಳೋಕಾಗದಿದ್ದರೆ ಆ ಪುಟದ ಫೋಟೋ ನನಗೆ ಕಳಿಸಿ. ಎಲ್ಲ ಸೇರಿಸಿ ಒಂದೇ ಮನವಿ ಕೊಡೋಣ.

ಜೈಭೀಮ್.