ಕರಾರಿನ ತಾರೀಖನ್ನು ಬಿಲ್ಡರನಿಗೆ ಬಿಟ್ಟುಕೊಡಬೇಡಿ

ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಜತ್ತ ಭಾಗದ ನಮ್ಮ ಮಂದಿಗೆ ಪುಣೆಯೆಂದರೆ ಮಕ್ಕಳ ನೌಕರಿಯ ಊರು. ನೌಕರಿ ಖಾಯಂ ಆಯಿತೆಂದರೆ ಮುಂದಿನ ಮಾತು ಫ್ಲ್ಯಾಟಿನದು. ಅಪ್ಪನ ನಿವೃತ್ತಿ ಹಣ ಸ್ವಲ್ಪ, ಹೊಲ ಮಾರಿದ್ದು ಸ್ವಲ್ಪ, ಉಳಿದದ್ದು ಬ್ಯಾಂಕಿನ ಸಾಲ. ಆಮೇಲೆ ಕೆಲವರ ಕಟ್ಟಡ ನಾಲ್ಕನೇ ಮಜಲಿಗೆ ನಿಂತುಬಿಡುತ್ತದೆ. ಒಂದು ಕೈಯಿಂದ ಬಾಡಿಗೆ, ಇನ್ನೊಂದು ಕೈಯಿಂದ ಸಾಲದ ಕಂತು ಕಟ್ಟುತ್ತ ವರ್ಷಗಳು ಹೋಗುತ್ತವೆ. "ಇನ್ನೇನ್ ಮಾಡೂದ್ರಿ, ಇಂದಿಲ್ಲ ನಾಳಿ ಕೊಡ್ತಾನ" ಎಂದು ಸುಮ್ಮನಾಗುವವರೇ ಹೆಚ್ಚು.

ಕಾನೂನು ಮಾತ್ರ ಸುಮ್ಮನಿರಲು ಹೇಳಿಲ್ಲ. ರೇರಾ ಎಂದು ನಾವು ಕರೆಯುವ 2016ರ ಸ್ಥಿರಾಸ್ತಿ ಕಾಯ್ದೆಯ 18ನೇ ಕಲಮು ಖರೀದಿದಾರನ ಮುಂದೆ ಎರಡು ದಾರಿ ಇಟ್ಟಿದೆ. ಕರಾರಿನಲ್ಲಿ ಬರೆದ ತಾರೀಖಿಗೆ ತಾಬಾ ಸಿಗದಿದ್ದರೆ, ಮನೆಯೇ ಬೇಡವೆಂದು ಕೊಟ್ಟ ಹಣವನ್ನು ಬಡ್ಡಿಸಮೇತ ವಾಪಸ್ ಕೇಳಬಹುದು. ಇಲ್ಲವೇ ಮನೆಯನ್ನು ಉಳಿಸಿಕೊಂಡು, ತಾಬಾ ಸಿಗುವವರೆಗೆ ತಡವಾದ ಪ್ರತಿ ತಿಂಗಳಿಗೆ ಬಡ್ಡಿ ಕೇಳಬಹುದು. ಹೆಚ್ಚಿನವರಿಗೆ ಬೇಕಾದದ್ದು ಎರಡನೆಯ ದಾರಿ, ಏಕೆಂದರೆ ಅದೇ ಹಣಕ್ಕೆ ಇಂದು ಪುಣೆಯಲ್ಲಿ ಬೇರೆ ಮನೆ ಸಿಗುವುದಿಲ್ಲ. ಮಹಾರಾಷ್ಟ್ರದ ನಿಯಮದಂತೆ ಬಡ್ಡಿಯ ದರ ಸ್ಟೇಟ್ ಬ್ಯಾಂಕಿನ ಅತಿ ಹೆಚ್ಚಿನ ಎಂಸಿಎಲ್‌ಆರ್ ದರದ ಮೇಲೆ ಶೇ. 2. ಬ್ಯಾಂಕು ದರ ಬದಲಿಸಿದಂತೆ ಇದೂ ಬದಲಾಗುತ್ತದೆ.

ಈ ಹಕ್ಕು ಪೂರ್ತಿ ಒಂದೇ ಗೂಟಕ್ಕೆ ಕಟ್ಟಿದೆ. ಆ ಗೂಟವೇ ನೋಂದಣಿಯಾದ ಕರಾರಿನಲ್ಲಿರುವ ತಾಬಾದ ತಾರೀಖು. ನಮ್ಮವರು ಕಳೆದುಕೊಳ್ಳುತ್ತಿರುವುದೂ ಅದನ್ನೇ.

ಒಂದು ಲೆಕ್ಕ ಹಾಕಿ ನೋಡೋಣ. 45 ಲಕ್ಷದ ಫ್ಲ್ಯಾಟು; 2021ರಲ್ಲಿ ಕರಾರು, ಅದರಲ್ಲಿ ತಾಬಾದ ತಾರೀಖು 31 ಡಿಸೆಂಬರ್ 2022. ಆ ದಿನದೊಳಗೆ ಕುಟುಂಬ 36 ಲಕ್ಷ ಕಟ್ಟಿದೆ, 9 ಲಕ್ಷ ಬಾಕಿ ಇದೆ. ಲೆಕ್ಕ ಸುಲಭವಾಗಲೆಂದು ಬಡ್ಡಿ ಶೇ. 11 ಎಂದು ಹಿಡಿಯೋಣ. ಸರಳ ಬಡ್ಡಿಯ ಪ್ರಕಾರ 36 ಲಕ್ಷಕ್ಕೆ ವರ್ಷಕ್ಕೆ 3,96,000 ರೂಪಾಯಿ, ತಿಂಗಳಿಗೆ 33,000. 2025ರ ಡಿಸೆಂಬರ್ ಮುಗಿಯುವ ಹೊತ್ತಿಗೆ ಮೂರು ವರ್ಷ ತಡ, ಅಂದರೆ 11,88,000 ರೂಪಾಯಿ. ಬಾಕಿ 9 ಲಕ್ಷವನ್ನು ಇದರಲ್ಲೇ ವಜಾ ಮಾಡಿದರೂ ಬಿಲ್ಡರನೇ ಇನ್ನೂ 2,88,000 ಕೊಡಬೇಕು. ತಾರೀಖು ದಾಟಿದ ಮೇಲೆ ಕಟ್ಟಿದ ಕಂತು ಇದ್ದರೆ ಅದಕ್ಕೆ ಕಟ್ಟಿದ ದಿನದಿಂದ ಬಡ್ಡಿ ಹಿಡಿಯಬೇಕು. ಸ್ಟ್ಯಾಂಪ್ ಡ್ಯೂಟಿ, ನೋಂದಣಿ ಶುಲ್ಕ ಸರಕಾರಕ್ಕೆ ಹೋದ ಹಣ; ಅವನ್ನು ಸಾಮಾನ್ಯವಾಗಿ ಈ ಲೆಕ್ಕದಲ್ಲಿ ಸೇರಿಸುವುದಿಲ್ಲ.

ಇದೇ ಕುಟುಂಬವನ್ನು 2024ರಲ್ಲಿ ಬಿಲ್ಡರನ ಆಫೀಸಿಗೆ ಕರೆದರು ಎಂದುಕೊಳ್ಳಿ. ಚಹಾ ಕೊಟ್ಟು, "ಕಾಕಾ, ಬ್ಯಾಂಕಿನವರು ಕೇಳ್ತಾರ, ಒಂದು ಪುರವಣಿ ಕರಾರು ಮಾಡಿಬಿಡೋಣು, ಪಾರ್ಕಿಂಗಿಗೆ ಒಂದು ಲಕ್ಷ ಕಡಿಮಿ ಮಾಡ್ತೀವಿ" ಅನ್ನುತ್ತಾರೆ. ಆ ಕಾಗದದ ನಡುವೆ ಎಲ್ಲೋ ತಾಬಾದ ಹೊಸ ತಾರೀಖು 31 ಡಿಸೆಂಬರ್ 2025 ಎಂದಿರುತ್ತದೆ. ಸಹಿ ಬಿದ್ದರೆ ಆ ಮೂರು ವರ್ಷದಲ್ಲಿ ತಡವೇ ಆಗಿಲ್ಲ ಎಂದು ಬಿಲ್ಡರನ ವಕೀಲ ವಾದಿಸಲು ದಾರಿಯಾಗುತ್ತದೆ. ಒಂದು ಲಕ್ಷದ ಸೂಟಿಗೆ ಹನ್ನೆರಡು ಲಕ್ಷದ ಹತ್ತಿರದ ಹಕ್ಕು ಹೋದಂತೆ.

ಎರಡನೆಯ ಮಾತು ಮಹಾರೇರಾದ ಜಾಲತಾಣದಲ್ಲಿ ಕಾಣುವ ತಾರೀಖಿನದು. ಯೋಜನೆಯ ಪುಟ ತೆರೆದರೆ ಪೂರ್ಣಗೊಳ್ಳುವ ತಾರೀಖು ಮುಂದಕ್ಕೆ ಹೋಗಿರುವುದು ಕಾಣುತ್ತದೆ. "ನೋಡ್ರಿ, ಸರಕಾರನೇ ನಮಗ ಮುದತ್ತು ಕೊಟ್ಟೈತಿ" ಎಂದು ಬಿಲ್ಡರ್ ತೋರಿಸುತ್ತಾನೆ. ಆ ಮುದತ್ತು ಯೋಜನೆಯ ನೋಂದಣಿಗೆ ಸಿಕ್ಕದ್ದು. ನಿಮ್ಮ ಕರಾರನ್ನು ಅದು ತಿದ್ದುವುದಿಲ್ಲ. 2017ರ ಡಿಸೆಂಬರ್‌ನಲ್ಲಿ ಮುಂಬಯಿ ಹೈಕೋರ್ಟು ನೀಲಕಮಲ ರಿಯಲ್ಟರ್ಸ್ ಪ್ರಕರಣದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ: ರೇರಾ ನೋಂದಣಿಗೆ ಮೊದಲೇ ಆದ ಕರಾರಿದ್ದರೂ ತಡವನ್ನು ಆ ಕರಾರಿನ ತಾರೀಖಿನಿಂದಲೇ ಎಣಿಸಬೇಕು, ರೇರಾ ಬಂದು ಇಬ್ಬರ ನಡುವಿನ ಕರಾರನ್ನು ಹೊಸದಾಗಿ ಬರೆಯುವುದಿಲ್ಲ. ಹಣ ಸಿಗಲಿಲ್ಲ, ಕೆಲಸಗಾರರು ಬರಲಿಲ್ಲ ಎಂಬ ಕಾರಣಗಳಿಗೆ ಮುದತ್ತು ಇಲ್ಲ. ಯಾವ ಕಾರಣಕ್ಕೆ ಮುದತ್ತು ಎಂಬುದನ್ನು ಕರಾರಿನಲ್ಲೇ ಬರೆದಿರುತ್ತಾರೆ. ಆ ಕಲಮು ಓದಿ.

ಮೂರನೆಯದು ಓಸಿ ಇಲ್ಲದ ಕೀಲಿಕೈ. ಮರಾಠಿಯಲ್ಲಿ ಭೋಗವಟಾ ಪ್ರಮಾಣಪತ್ರ ಅನ್ನುವ ಆ ಕಾಗದ ಬರುವ ಮುಂಚೆಯೇ "ಫರ್ನಿಚರ್ ಮಾಡಿಸ್ಕೋರಿ" ಎಂದು ಕೀಲಿಕೈ ಕೊಟ್ಟು, ತಾಬಾ ಪಾವತಿಗೆ ಸಹಿ ತೆಗೆದುಕೊಳ್ಳುತ್ತಾರೆ. ಅದರಲ್ಲಿ 'ನನ್ನ ಯಾವ ತಕರಾರೂ ಇಲ್ಲ' ಎಂಬ ಸಾಲು ಇರುತ್ತದೆ. ತಾಬಾ ತೆಗೆದುಕೊಂಡು ಸುಮ್ಮನಿದ್ದು ಆಮೇಲೆ ದೂರಿಗೆ ಹೋದವರಿಗೆ ಬಡ್ಡಿ ಪಡೆಯುವುದು ಕಷ್ಟವಾದದ್ದುಂಟು. ಆದ್ದರಿಂದ ತಾಬಾಕ್ಕೆ ಮೊದಲೇ ದೂರು ದಾಖಲಿಸುವುದು ಒಳ್ಳೆಯದು. ಸಹಿ ಮಾಡಲೇಬೇಕಾದರೆ, ತಡದ ಬಡ್ಡಿಯ ಹಕ್ಕು ಉಳಿಸಿಕೊಂಡು ಸಹಿ ಮಾಡಿದ್ದೇನೆ ಎಂದು ನಿಮ್ಮ ಕೈಯಿಂದ ಬರೆಯಿರಿ.

ದೂರು ಕೊಡಲು ಮುಂಬಯಿಗೆ ಹೋಗಬೇಕಿಲ್ಲ. maharera.maharashtra.gov.in ತಾಣದಲ್ಲಿ ಆನ್‌ಲೈನ್ ದೂರು ತುಂಬಬೇಕು. ಶುಲ್ಕ 5,000 ರೂಪಾಯಿ. ವಿಚಾರಣೆ ವಿಡಿಯೋ ಮೂಲಕವೂ ನಡೆಯುತ್ತದೆ. ವಕೀಲರೇ ಬೇಕೆಂದಿಲ್ಲ, ಸ್ವತಃ ನಿಲ್ಲಬಹುದು. ನಿಮ್ಮ ಪರವಾಗಿ ಸಿಎ ನಿಲ್ಲಲೂ ಕಾಯ್ದೆಯಲ್ಲಿ ಅವಕಾಶವಿದೆ. ನೋಂದಣಿಯಾದ ಕರಾರು, ಇಂಡೆಕ್ಸ್ ಎರಡು, ಪ್ರತಿ ಪಾವತಿ, ಬ್ಯಾಂಕಿನ ಖಾತೆ ಉತಾರ, ಬಿಲ್ಡರನ ಪತ್ರ ಮತ್ತು ಇಮೇಲ್ ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿ. ಯಾವ ದಿನ ಎಷ್ಟು ಕಟ್ಟಿದ್ದು ಎಂಬ ಒಂದು ಪುಟದ ತಕ್ತೆ ಮೇಲಿರಲಿ. ವಿಚಾರಣೆಯಲ್ಲಿ ಮೊದಲು ಕೇಳುವುದು ಅದನ್ನೇ. ನಿಮ್ಮ ಬೇಡಿಕೆ ಒಂದೇ ಆಗಿರಬೇಕು: ಮನೆ ಮತ್ತು ಬಡ್ಡಿ ಬೇಕೋ, ಹಣ ವಾಪಸ್ ಬೇಕೋ. ಎರಡನ್ನೂ ಕೂಡಿಸಿ ಬರೆದರೆ ಬಿಲ್ಡರನ ವಕೀಲನಿಗೆ ಅದೇ ಹಿಡಿತ ಸಿಗುತ್ತದೆ. ಮಾನಸಿಕ ತ್ರಾಸಕ್ಕೆ, ಬಾಡಿಗೆಗೆ ಪರಿಹಾರ ಕೇಳುವುದು ಬೇರೆ ಅರ್ಜಿ, ಅದು ನಿರ್ಣಯಾಧಿಕಾರಿಯ ಮುಂದೆ ಹೋಗುತ್ತದೆ.

ಸಿಟ್ಟಿಗೆ ಕಂತು ನಿಲ್ಲಿಸುವವರೂ ಇದ್ದಾರೆ. ಕಾಯ್ದೆಯಲ್ಲಿ ಬಡ್ಡಿ ಎರಡೂ ಕಡೆಗೆ ಒಂದೇ ದರದ್ದು. ಕೆಲಸ ಮುಗಿದ ಹಂತದ ಕಂತನ್ನು ನೀವು ಉಳಿಸಿಕೊಂಡರೆ ಬಿಲ್ಡರ್ ನಿಮ್ಮ ಮೇಲೆ ಅದೇ ದರದ ಬಡ್ಡಿ ಹಾಕುತ್ತಾನೆ. ಕೆಲಸ ಆಗದ ಹಂತಕ್ಕೆ ಹಣ ಕೇಳಿದ್ದರೆ ಲಿಖಿತವಾಗಿ ತಕರಾರು ಹಾಕಿ.

ಇನ್ನು ಬೆಂಗಳೂರಿನಲ್ಲಿ ಫ್ಲ್ಯಾಟು ಹಿಡಿದ ನಮ್ಮ ಗಡಿ ಭಾಗದವರ ಮಾತು. ನೀವಿರುವ ಊರು ಯಾವುದಾದರೂ ದೂರು ಹೋಗುವುದು ಜಾಗ ಇರುವ ರಾಜ್ಯಕ್ಕೆ. ಬೆಂಗಳೂರಿನ ಫ್ಲ್ಯಾಟಿಗೆ ಕರ್ನಾಟಕ ರೇರಾ. ಅಲ್ಲಿಯೂ 18ನೇ ಕಲಮೇ, ಬಡ್ಡಿಯ ಸೂತ್ರವೂ ಇದೇ.

ಇಷ್ಟೆಲ್ಲ ಮಾಡಿ ಆದೇಶ ತಂದವರ ಮುಂದೆ ನಿಜವಾದ ಗೋಡೆ ನಿಲ್ಲುವುದು ಆಮೇಲೆ. ಆದೇಶ ಪಾಲಿಸದ ಬಿಲ್ಡರನ ಮೇಲೆ ಮಹಾರೇರಾ ವಸೂಲಿ ವಾರಂಟ್ ಹೊರಡಿಸಿ ಜಿಲ್ಲಾಧಿಕಾರಿಗೆ ಕಳಿಸುತ್ತದೆ. ಅಲ್ಲಿಂದ ಅದು ತಹಶೀಲ್ದಾರರ ಮೇಜಿಗೆ ಬರುತ್ತದೆ, ಭೂಕಂದಾಯದ ಬಾಕಿಯಂತೆ ವಸೂಲಿಯಾಗಬೇಕು. ರೈತನ ನಾಲ್ಕು ಸಾವಿರದ ಬಾಕಿಗೆ ನೋಟಿಸು ಬೇಗ ಬರುತ್ತದೆ; ಬಿಲ್ಡರನ ಲಕ್ಷಗಳ ವಾರಂಟ್ ಕಡತದಲ್ಲಿ ಮಲಗುತ್ತದೆ. ಅವನ ಹೆಸರಿನಲ್ಲಿ ಯಾವ ಆಸ್ತಿ ಇದೆ ಎಂದು ಹುಡುಕುವ ಕೆಲಸವೂ ಕೊನೆಗೆ ಮನೆ ಕೊಂಡವನ ತಲೆಯ ಮೇಲೆ. ಸಾತಬಾರಾ ಉತಾರ ತೆಗೆಸಿ, ಮಾರದೆ ಉಳಿದ ಫ್ಲ್ಯಾಟಿನ ನಂಬರು ಬರೆದು ಅರ್ಜಿಗೆ ಹಚ್ಚಿಕೊಟ್ಟವರ ಕಡತ ಅಷ್ಟಾದರೂ ಸರಿಯುತ್ತದೆ. ಬಿಲ್ಡರ್ ದಿವಾಳಿ ಪ್ರಕ್ರಿಯೆಗೆ ಹೋದರೆ ಈ ವಸೂಲಿಯೂ ನಿಲ್ಲುತ್ತದೆ. ಆಗ ಮುದತ್ತಿನೊಳಗೆ ದಿವಾಳಿ ಅಧಿಕಾರಿಯ ಮುಂದೆ ಹಕ್ಕು ದಾಖಲಿಸಬೇಕು.

ಬಿಲ್ಡರ್ ಮೇಲ್ಮನವಿ ಹಾಕಿದರೆ ಹೆದರಬೇಕಿಲ್ಲ. 43ನೇ ಕಲಮಿನಂತೆ ಖರೀದಿದಾರನಿಗೆ ಕೊಡಬೇಕಾದ ಪೂರ್ತಿ ಹಣವನ್ನು ಬಡ್ಡಿಸಮೇತ ಮೊದಲು ಠೇವಣಿ ಇಡದೆ ಅವನ ಮೇಲ್ಮನವಿ ವಿಚಾರಣೆಗೆ ಬರುವುದಿಲ್ಲ. 2021ರ ನವೆಂಬರ್‌ನಲ್ಲಿ ನ್ಯೂಟೆಕ್ ಪ್ರಮೋಟರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಷರತ್ತನ್ನು ಎತ್ತಿಹಿಡಿದಿದೆ.

ಮಹಾರೇರಾಕ್ಕೆ ನಮ್ಮ ತಕರಾರು ಒಂದಿದೆ. ನಿಂತ ಯೋಜನೆಗೆ ಹಣದ ಕೊರತೆಯಾಗಬಾರದೆಂದು, ಬಡ್ಡಿಯನ್ನು ಓಸಿ ಬಂದ ಮೇಲೆ ಕೊಡು ಎಂದು ಬರೆದ ಆದೇಶಗಳಿವೆ. ಬಿಲ್ಡರನ ಕಷ್ಟ ಅರ್ಥವಾಗುತ್ತದೆ. ಆದರೆ ಮನೆ ಮಾಲೀಕನ ಬಾಡಿಗೆ, ಬ್ಯಾಂಕಿನ ಕಂತು ಓಸಿಗಾಗಿ ಕಾಯುವುದಿಲ್ಲ. ಕಾಯ್ದೆ 'ಪ್ರತಿ ತಿಂಗಳಿಗೆ' ಎಂದು ಬರೆದಿದೆ. ಬಡ್ಡಿಯೂ ತಿಂಗಳಿಗೊಮ್ಮೆ ಕೈಗೆ ಬರುವಂತೆ ಆದೇಶವಾಗಲಿ. ಜಿಲ್ಲಾಧಿಕಾರಿ ಕಚೇರಿಗಳು ಯಾವ ವಾರಂಟ್ ಎಲ್ಲಿ ನಿಂತಿದೆ ಎಂಬುದನ್ನು ತಾಲೂಕುವಾರು ಹಲಗೆಗೆ ಹಚ್ಚಲಿ. ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಇಷ್ಟೇ: ಇಂದು ಸಂಜೆ ಟ್ರಂಕಿನಿಂದ ಕರಾರು ಹೊರಗೆ ತೆಗೆಯಿರಿ, ತಾಬಾದ ತಾರೀಖು ಯಾವ ಪುಟದಲ್ಲಿದೆ ಎಂದು ನೋಡಿ ಗುರುತು ಹಾಕಿ, ಅದನ್ನು ಬದಲಿಸುವ ಯಾವ ಕಾಗದಕ್ಕೂ ಬಡ್ಡಿಯ ಲೆಕ್ಕ ಹಾಕದೆ ಸಹಿ ಮಾಡಬೇಡಿ.